ಕನ್ನಡಕದ ಗಾಜನ್ನು ಅಳಿಸದೆ ಪಾರದರ್ಶಕವಾಗಿ ತೋರಿಸುವ ಬಗೆ

ಮಾರಾಟದ ಪುಟಕ್ಕಾಗಿ ಕನ್ನಡಕದ ಚಿತ್ರವನ್ನು ಸಿದ್ಧಪಡಿಸುವಾಗ ಅನೇಕರು ಫ್ರೇಮಿನ ಒಳಭಾಗವನ್ನು ಪೂರ್ತಿಯಾಗಿ ಕತ್ತರಿಸಿ ತೆಗೆಯುತ್ತಾರೆ. ಆಗ ನೋಡುಗರಿಗೆ ಕಾಣುವುದು ತಿಳಿಯಾದ ಗಾಜಲ್ಲ, ಗಾಜಿಲ್ಲದ ಫ್ರೇಮು. ಪ್ರತಿಫಲನ ತಡೆಯುವ ಲೇಪನವಿಲ್ಲದ ಸಾಮಾನ್ಯ ಪ್ಲಾಸ್ಟಿಕ್ ಗಾಜಿನ ಪ್ರತಿಯೊಂದು ಮೈಯೂ ಬಿದ್ದ ಬೆಳಕಿನ ಸುಮಾರು 4% ಭಾಗವನ್ನು ಹಿಂದಿರುಗಿಸುವುದರಿಂದ, ಸುಮಾರು 92% ಮಾತ್ರ ಆಚೆಗೆ ದಾಟುತ್ತದೆ. ಈ ಸಣ್ಣ ಕೊರತೆಯೇ ಅಲ್ಲಿ ಗಾಜಿದೆ ಎಂಬುದನ್ನು ಕಣ್ಣಿಗೆ ತಿಳಿಸುತ್ತದೆ. ಅದನ್ನು ಊಹೆಯಿಂದ ಬಣ್ಣ ಬಳಿದು ತೋರಿಸುವುದಕ್ಕಿಂತ ಅಳೆದು ಉಳಿಸಿಕೊಳ್ಳುವುದು ಲೇಸು.

ಅಳೆಯಲು ಕನ್ನಡಕವನ್ನಾಗಲಿ ಕ್ಯಾಮೆರಾವನ್ನಾಗಲಿ ಅಲುಗಿಸದೆ, ಎಕ್ಸ್‌ಪೋಷರ್ ಬದಲಿಸದೆ, ಒಮ್ಮೆ ಬಿಳಿ ಹಿನ್ನೆಲೆಯ ಮುಂದೆ, ಇನ್ನೊಮ್ಮೆ ಕಪ್ಪು ಮಖಮಲ್ಲಿನ ಮುಂದೆ ಚಿತ್ರ ತೆಗೆಯಬೇಕು. ಬಿಳಿ ಹಿನ್ನೆಲೆಯ ಬೆಳಕನ್ನು 100, ಕಪ್ಪಿನದನ್ನು 0 ಎಂದಿಟ್ಟುಕೊಳ್ಳೋಣ. ಗಾಜಿನ ಒಂದೇ ಬಿಂದು ಮೊದಲ ಚಿತ್ರದಲ್ಲಿ 93, ಎರಡನೆಯದರಲ್ಲಿ 2 ತೋರಿಸಿದರೆ, ವ್ಯತ್ಯಾಸವಾದ 91 ಎಂಬುದು ಗಾಜು ದಾಟಿಸಿದ ಬೆಳಕು, 2 ಎಂಬುದು ಗಾಜಿನ ಮೇಲಿನ ಪ್ರತಿಫಲನ. ಈಗ ಅದೇ ಗಾಜನ್ನು 80ರಷ್ಟು ಬೆಳಕಿನ ಬೂದು ಪುಟದ ಮೇಲಿಟ್ಟರೆ, ಆ ಬಿಂದು 80ರ 91% ಮತ್ತು 2 ಸೇರಿ ಸುಮಾರು 75 ಆಗುತ್ತದೆ. 10ರಷ್ಟು ಬೆಳಕಿನ ಕಡುಪುಟದ ಮೇಲೆ ಸುಮಾರು 11 ಆಗುತ್ತದೆ. ತಿಳಿಬಣ್ಣದ ಮೇಲೆ ಗಾಜು ತುಸು ಮಬ್ಬಾಗಿಯೂ ಕಡುಬಣ್ಣದ ಮೇಲೆ ತುಸು ಬೆಳ್ಳಗೂ ಕಾಣುವುದು ಹೀಗೆ. ಆದರೆ ಜೆಪೆಗ್ ಕಡತದ ಅಂಕಿಗಳು ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿರುವುದಿಲ್ಲವಾದ್ದರಿಂದ, ಕಚ್ಚಾ ಕಡತದಿಂದ ನೇರ ಅನುಪಾತದ ಅಂಕಿಗಳನ್ನು ಪಡೆದ ಮೇಲೆಯೇ ಈ ಲೆಕ್ಕ ಮಾಡಬೇಕು.

ಫ್ರೇಮಿನ ಅಂಚಿನಲ್ಲಿ ಈ ವಿಧಾನ ಎಡವುತ್ತದೆ. ಹೊಳಪಿನ ಲೋಹದ ಅಂಚು ಬಿಳಿ ಹಿನ್ನೆಲೆಯನ್ನೇ ಪ್ರತಿಫಲಿಸುವುದರಿಂದ ಎರಡು ಚಿತ್ರಗಳಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ, ಲೆಕ್ಕವು ಅದನ್ನು ಅರೆಪಾರದರ್ಶಕವೆಂದು ತಿಳಿಯುತ್ತದೆ, ಪುಟದ ಬಣ್ಣ ಲೋಹದೊಳಗಿಂದ ಇಣುಕುತ್ತದೆ. ಹಿನ್ನೆಲೆಯನ್ನು ದೂರ ಸರಿಸಿದರೆ ದೋಷ ತಗ್ಗುತ್ತದೆ. ಆದರೂ ಅಪಾರದರ್ಶಕ ಫ್ರೇಮಿಗೆ ಕೈಯಿಂದಲೇ ಮುಸುಕು ಕೊರೆದು, ಅದರ ಹೊಳಪನ್ನು ಬಿಳಿ ಹಿನ್ನೆಲೆಯ ಚಿತ್ರದಿಂದ ತೆಗೆದುಕೊಳ್ಳುವುದೇ ನನಗೆ ಸರಿಯೆನಿಸುತ್ತದೆ. ಅಂಚಿನ ಒಂದು ಬದಿಗೆ ಬಿಳಿಗೆರೆ, ಎದುರು ಬದಿಗೆ ಕಪ್ಪುಗೆರೆ ಕಂಡರೆ ಮಾತ್ರ ಕಾರಣ ಬೇರೆ: ಎರಡು ಚಿತ್ರಗಳ ನಡುವೆ ಏನೋ ಅಲುಗಿದೆ.

ಗಾಜು ಬೆಳಕನ್ನು ಎಷ್ಟು ದಾಟಿಸುತ್ತದೆ ಎಂಬುದನ್ನು ಈ ಲೆಕ್ಕ ಹೇಳುತ್ತದೆಯೇ ಹೊರತು ಎತ್ತ ಬಾಗಿಸುತ್ತದೆ ಎಂಬುದನ್ನಲ್ಲ. ಪವರ್ ಇಲ್ಲದ ಪ್ರದರ್ಶನದ ಗಾಜಿನ ಹಿಂದೆ ಕನ್ನಡಕದ ಕಡ್ಡಿ ಬಹುತೇಕ ಮುರಿಯದೆ ಸಾಗುತ್ತದೆ. ಮೈನಸ್ ಪವರಿನ ಗಾಜಿನ ಹಿಂದೆ ಅದೇ ಕಡ್ಡಿ ಕಿರಿದಾಗಿ, ಗಾಜಿನ ಅಂಚಿನಲ್ಲಿ ತುಂಡಾಗಿ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಆ ತುಂಡನ್ನು ತಂತ್ರಾಂಶದಲ್ಲಿ ಎಳೆದು ಜೋಡಿಸಹೋದರೆ ಫ್ರೇಮಿನ ಆಕಾರವೇ ಕೆಡುತ್ತದೆ, ಆದ್ದರಿಂದ ಪ್ರದರ್ಶನದ ಗಾಜು ಹಾಕಿ ಮತ್ತೆ ಚಿತ್ರ ತೆಗೆಯಬೇಕು.