ಜಾಗದ ಬೆಲೆ ಏರಿತು, ಲಾಭ ಯಾಕೆ ಏರಲಿಲ್ಲ?

ಮಾರ್ಚ್ ಹತ್ತಿರ ಬಂದಾಗ ಸಣ್ಣ ಕಾರ್ಖಾನೆಗಳ ಮಾಲೀಕರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಸಾರ್, ನಮ್ಮ ಜಾಗ ಇವತ್ತು ಕೋಟಿಗಟ್ಟಲೆ ಬಾಳುತ್ತೆ. ಬ್ಯಾಲೆನ್ಸ್ ಶೀಟಿನಲ್ಲಿ ಮಾತ್ರ ಇನ್ನೂ 20 ಲಕ್ಷ ಅಂತಲೇ ಇದೆ. ಇದನ್ನು ಏರಿಸಬಹುದಾ?" ಏರಿಸಬಹುದು. ಆದರೆ ಏರಿಸಿದ ಮೊತ್ತ ಎಲ್ಲಿ ಹೋಗಿ ಕೂರುತ್ತದೆ ಅನ್ನೋದನ್ನು ಮೊದಲೇ ತಿಳಿದುಕೊಂಡಿರಬೇಕು.

ಒಂದು ಉದಾಹರಣೆ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ದುಂಡು ಸಂಖ್ಯೆಗಳನ್ನೇ ಹಾಕಿದ್ದೇನೆ. ಪೀಣ್ಯದಲ್ಲಿ ಒಂದು ಖಾಸಗಿ ಕಂಪನಿ ಇದೆ ಅಂದುಕೊಳ್ಳಿ. 2004ರಲ್ಲಿ 20 ಲಕ್ಷಕ್ಕೆ ಜಾಗ ಕೊಂಡಿದೆ, ಕ್ರಯಪತ್ರ ಅದರ ಹೆಸರಲ್ಲೇ ಇದೆ. ಈಗ ಜಾಗದ ಮಾರುಕಟ್ಟೆ ಬೆಲೆ 5 ಕೋಟಿ. ಅದರ ಮೇಲೆ 90 ಲಕ್ಷ ಖರ್ಚು ಮಾಡಿ ಕಟ್ಟಿದ ಕಾರ್ಖಾನೆಯ ಕಟ್ಟಡವಿದೆ. 10 ವರ್ಷದಲ್ಲಿ 30 ಲಕ್ಷ ಸವಕಳಿ ಕಳೆದು, ಪುಸ್ತಕದಲ್ಲಿ 60 ಲಕ್ಷ ಉಳಿದಿದೆ. ಅದರ ಇಂದಿನ ಮೌಲ್ಯ 1 ಕೋಟಿ. ಮಾಲೂರಿನ ಕಡೆ 2021ರಲ್ಲಿ 80 ಲಕ್ಷಕ್ಕೆ ಕೊಂಡ ಇನ್ನೊಂದು ಜಾಗವೂ ಇದೆ. ದಾರಿಯ ತಕರಾರು ಎದ್ದು ಅದರ ಬೆಲೆ 70 ಲಕ್ಷಕ್ಕೆ ಇಳಿದಿದೆ.

ಮಾಲೀಕರ ಆಸೆ ಏನೆಂದರೆ ಪೀಣ್ಯದ ಜಾಗ ಮಾತ್ರ ಏರಿಸೋದು, ಮಾಲೂರಿನದನ್ನು ಸುಮ್ನೆ ಹಾಗೇ ಬಿಡೋದು. ಇದಕ್ಕೆ ಅವಕಾಶವಿಲ್ಲ. ಸಣ್ಣ ಕಂಪನಿಗಳ ಲೆಕ್ಕಪತ್ರ ಮಾನದಂಡವಾದ ಎಎಸ್ 10 ಆಗಲಿ, ದೊಡ್ಡ ಕಂಪನಿಗಳ ಮಾನದಂಡವಾದ ಇಂಡ್ ಎಎಸ್ 16 ಆಗಲಿ, ಹೇಳೋದು ಒಂದೇ: ಒಂದು ವರ್ಗದ ಆಸ್ತಿಯನ್ನು ಮುಟ್ಟಿದರೆ ಆ ವರ್ಗವನ್ನು ಪೂರ್ತಿ ಮುಟ್ಟಬೇಕು. ಜಾಗ ಅಂದರೆ ಕಂಪನಿಯ ಎಲ್ಲ ಜಾಗವೂ ಸೇರಿತು. ಬೆಲೆ ಕೂಡ ಉಪನೋಂದಣಿ ಕಚೇರಿಯ ಗೈಡೆನ್ಸ್ ವ್ಯಾಲ್ಯೂ ಅಲ್ಲ, ಮಾರುಕಟ್ಟೆಯ ನ್ಯಾಯಬೆಲೆ. ಅದನ್ನು ಹೇಳಿದವರು ನೋಂದಾಯಿತ ಮೌಲ್ಯಮಾಪಕರೋ ಅಲ್ಲವೋ ಅನ್ನೋದನ್ನು ಕಂಪನಿ ಕಾಯ್ದೆಯ ಷೆಡ್ಯೂಲ್ 3ರ ಪ್ರಕಾರ ಟಿಪ್ಪಣಿಯಲ್ಲಿ ತೋರಿಸಬೇಕು.

ಈಗ ಮುಖ್ಯ ವಿಷಯ. ಪೀಣ್ಯದ ಜಾಗದಲ್ಲಿ 4.80 ಕೋಟಿ ಹೆಚ್ಚಾಯಿತು, ಕಟ್ಟಡದಲ್ಲಿ 40 ಲಕ್ಷ. ಒಟ್ಟು 5.20 ಕೋಟಿ. ಇದು ಲಾಭ-ನಷ್ಟ ಪಟ್ಟಿಗೆ ಬರುವುದೇ ಇಲ್ಲ. ಜಾಗ ಮಾರಿಲ್ಲ, ಯಾರೂ ದುಡ್ಡು ಕೊಟ್ಟಿಲ್ಲ, ಅಲ್ವಾ? ಎಎಸ್ ಪಾಲಿಸುವ ಸಣ್ಣ ಕಂಪನಿಯಲ್ಲಿ ಈ ಮೊತ್ತ ನೇರವಾಗಿ ಬ್ಯಾಲೆನ್ಸ್ ಶೀಟಿನ 'ರಿಸರ್ವ್ಸ್ ಅಂಡ್ ಸರ್‌ಪ್ಲಸ್' ತಲೆಬರಹದಡಿ ರೀವ್ಯಾಲ್ಯುಯೇಶನ್ ರಿಸರ್ವ್ ಎಂಬ ಪ್ರತ್ಯೇಕ ಸಾಲಿಗೆ ಹೋಗುತ್ತದೆ. ಇಂಡ್ ಎಎಸ್ ಪಾಲಿಸುವ ಕಂಪನಿಯಲ್ಲಿ ಒಂದು ಮೆಟ್ಟಿಲು ಜಾಸ್ತಿ. ಮೊತ್ತ ಮೊದಲು, ವರ್ಷದ ಲಾಭದ ಕೆಳಗೆ ಬೇರೆಯಾಗಿ ತೋರಿಸುವ 'ಅದರ್ ಕಾಂಪ್ರಹೆನ್ಸಿವ್ ಇನ್‌ಕಮ್' ಭಾಗದಲ್ಲಿ ಕಾಣಿಸುತ್ತದೆ. ಅದೂ ಮುಂದೆಂದೂ ಲಾಭ-ನಷ್ಟಕ್ಕೆ ವರ್ಗವಾಗದ ಬಾಬತ್ತುಗಳ ಸಾಲಿನಲ್ಲಿ. ಅಲ್ಲಿಂದ ಬ್ಯಾಲೆನ್ಸ್ ಶೀಟಿನ 'ಅದರ್ ಈಕ್ವಿಟಿ'ಗೆ ಸೇರುತ್ತದೆ.

ಹಾಗಾದರೆ ಮಾಲೂರಿನ 10 ಲಕ್ಷ ಇಳಿಕೆ? ಹೆಚ್ಚಿನ ತಪ್ಪು ಆಗೋದು ಇಲ್ಲೇ. 5.20 ಕೋಟಿಯಲ್ಲಿ 10 ಲಕ್ಷ ಕಳೆದು 5.10 ಕೋಟಿ ಅಂತ ರಿಸರ್ವ್‌ನಲ್ಲಿ ತೋರಿಸಿಬಿಡುತ್ತಾರೆ. ಇದು ತಪ್ಪು. ಪ್ರತಿ ಆಸ್ತಿಗೂ ಅದರದೇ ಲೆಕ್ಕ. ಮಾಲೂರಿನ ಜಾಗದ ಹೆಸರಲ್ಲಿ ಹಿಂದೆ ಏರಿಸಿದ ರಿಸರ್ವ್ ಏನೂ ಇಲ್ಲ. ಹಾಗಾಗಿ ಆ 10 ಲಕ್ಷ ಈ ವರ್ಷದ ಲಾಭ-ನಷ್ಟ ಪಟ್ಟಿಯಲ್ಲಿ ಖರ್ಚಾಗಿ ಬರಬೇಕು. ಏರಿದ್ದು ರಿಸರ್ವ್‌ಗೆ, ಇಳಿದದ್ದು ಲಾಭಕ್ಕೆ ಹೊಡೆತ. ಮಾಲೀಕರಿಗೆ ಇದು ಅನ್ಯಾಯ ಅನ್ನಿಸುತ್ತದೆ. ನನಗೆ ಇದು ಸರಿಯಾದ ನಿಯಮ. ಇಲ್ಲದಿದ್ದರೆ ಒಂದು ಕೆಟ್ಟ ಖರೀದಿಯನ್ನು ಇನ್ನೊಂದು ಜಾಗದ ಏರಿಕೆಯ ಅಡಿಯಲ್ಲಿ ಯಾರು ಬೇಕಾದರೂ ಮುಚ್ಚಿಡಬಹುದಿತ್ತು.

ಮೂರು ವರ್ಷದ ನಂತರ ಮತ್ತೆ ಮೌಲ್ಯಮಾಪನ ಆಯಿತು ಅಂದುಕೊಳ್ಳಿ. ಪೀಣ್ಯದ ಜಾಗ 4.50 ಕೋಟಿಗೆ ಇಳಿದರೆ, ಆ 50 ಲಕ್ಷವನ್ನು ಅದರದೇ ರಿಸರ್ವ್‌ನಿಂದ ಕಳೆಯಬಹುದು. ಮಾಲೂರಿನ ತಕರಾರು ಬಗೆಹರಿದು ಬೆಲೆ 85 ಲಕ್ಷಕ್ಕೆ ಏರಿದರೆ, ಮೊದಲ 10 ಲಕ್ಷ ಲಾಭ-ನಷ್ಟ ಪಟ್ಟಿಗೆ ಆದಾಯವಾಗಿ ಬರುತ್ತದೆ. ಯಾಕೆಂದರೆ ಹಿಂದೆ ಅಲ್ಲೇ ಖರ್ಚು ಹಾಕಿದ್ದೆವು. ಉಳಿದ 5 ಲಕ್ಷ ಮಾತ್ರ ರಿಸರ್ವ್‌ಗೆ. ಇದೆಲ್ಲ ನೆನಪಿರಬೇಕಾದರೆ ಪ್ರತಿ ಆಸ್ತಿಗೂ ಒಂದೊಂದು ಹಾಳೆ ಇಡಲೇಬೇಕು. ರಿಸರ್ವ್ ಒಂದೇ ಮೊತ್ತವಾಗಿದ್ದು, ಅದು ಯಾವ ಜಾಗದ್ದು ಎಷ್ಟು ಎಂಬ ವಿವರ ಇಲ್ಲದಿದ್ದರೆ, ಮುಂದಿನ ಇಳಿಕೆಯನ್ನು ಎಲ್ಲಿ ಹಾಕಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ.

ಕಟ್ಟಡದ ಕಡೆ ಬರೋಣ. ಜಾಗಕ್ಕೆ ಸವಕಳಿ ಇಲ್ಲ, ಕಟ್ಟಡಕ್ಕೆ ಇದೆ. ಮೊದಲು ವರ್ಷಕ್ಕೆ 3 ಲಕ್ಷ ಕಳೆಯುತ್ತಿದ್ದರು. ಈಗ 1 ಕೋಟಿಯನ್ನು ಉಳಿದ 20 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 5 ಲಕ್ಷ (ಕೊನೆಯಲ್ಲಿ ಉಳಿಯುವ ಬೆಲೆಯನ್ನು ಇಲ್ಲಿ ಬಿಟ್ಟಿದ್ದೇನೆ). ಪೂರ್ತಿ 5 ಲಕ್ಷವೂ ಲಾಭದಿಂದ ಕಳೆಯಬೇಕು. ಹಳೆಯ 1956ರ ಕಾಯ್ದೆಯ ಕಾಲದಲ್ಲಿ ಹೆಚ್ಚುವರಿ 2 ಲಕ್ಷವನ್ನು ರೀವ್ಯಾಲ್ಯುಯೇಶನ್ ರಿಸರ್ವ್‌ನಿಂದ ತಂದು ಲಾಭ-ನಷ್ಟ ಪಟ್ಟಿಯಲ್ಲೇ ಸರಿದೂಗಿಸುವ ಪದ್ಧತಿ ಇತ್ತು. ಈಗ ಅದು ನಡೆಯುವುದಿಲ್ಲ. ಬೇಕಿದ್ದರೆ ವರ್ಷಕ್ಕೆ 2 ಲಕ್ಷವನ್ನು ಆ ರಿಸರ್ವ್‌ನಿಂದ ಜನರಲ್ ರಿಸರ್ವ್‌ಗೆ ನೇರವಾಗಿ ದಾಟಿಸಬಹುದು, ಅಷ್ಟೆ. ಅಂದರೆ ಕಟ್ಟಡ ಏರಿಸಿದ ಕಂಪನಿಯ ಲಾಭ ಪ್ರತಿ ವರ್ಷ ಸ್ವಲ್ಪ ಕಡಿಮೆಯೇ ಕಾಣುತ್ತದೆ. ಆದಾಯ ತೆರಿಗೆಯ ಸವಕಳಿ ಮಾತ್ರ ಹಳೆಯ ಲೆಕ್ಕದಲ್ಲೇ ನಡೆಯುತ್ತದೆ, ಅಲ್ಲಿ ಒಂದು ಪೈಸೆಯೂ ಹೆಚ್ಚಾಗದು.

ರಿಸರ್ವ್ ದೊಡ್ಡದಾಗಿದೆ, ಅದರಿಂದ ಬೋನಸ್ ಷೇರು ಕೊಡೋಣವೇ? ಕಂಪನಿ ಕಾಯ್ದೆ 2013ರ ಸೆಕ್ಷನ್ 63 ಬೇಡ ಅನ್ನುತ್ತದೆ. ಡಿವಿಡೆಂಡ್‌ಗೂ ಇದು ಬರುವುದಿಲ್ಲ. ಕಾಯ್ದೆಯ ಪ್ರಕಾರ ನೆಟ್‌ವರ್ತ್ ಲೆಕ್ಕ ಹಾಕುವಾಗಲೂ ಇದನ್ನು ಹೊರಗಿಡುತ್ತಾರೆ. ಬ್ಯಾಂಕಿನ ಸಾಲ ವಿಭಾಗದವರೂ ಸಾಮಾನ್ಯವಾಗಿ ಮೊದಲು ಇದನ್ನು ಕಳೆದೇ ನೋಡುತ್ತಾರೆ.

ಕೊನೆಗೆ, ಮಾರಾಟ. ಜಾಗದ ಪುಸ್ತಕದ ಬೆಲೆ 5 ಕೋಟಿ ಇರುವಾಗಲೇ ಅದನ್ನು 5.20 ಕೋಟಿಗೆ ಮಾರಿದರು ಅಂದುಕೊಳ್ಳಿ. ಲಾಭ-ನಷ್ಟ ಪಟ್ಟಿಯಲ್ಲಿ ಬರುವ ಲಾಭ 20 ಲಕ್ಷ ಮಾತ್ರ. ಹಳೆಯ 4.80 ಕೋಟಿ ಲಾಭವಾಗಿ ಕಾಣಿಸಿಕೊಳ್ಳದೆ, ರಿಸರ್ವ್‌ನಿಂದ ರಿಸರ್ವ್‌ಗೆ ಸದ್ದಿಲ್ಲದೆ ದಾಟುತ್ತದೆ. ಆದರೆ ತೆರಿಗೆ ಇಲಾಖೆ ನೋಡೋದು ಮೂಲ ಖರೀದಿ ಬೆಲೆಯನ್ನು. 5.20 ಕೋಟಿಯಲ್ಲಿ 20 ಲಕ್ಷ ಕಳೆದರೆ 5 ಕೋಟಿ ಬಂಡವಾಳ ಲಾಭ. 2024ರ ಜುಲೈ 23ರ ನಂತರದ ಮಾರಾಟಕ್ಕೆ ಶೇ 12.5ರ ದರದಲ್ಲಿ ತೆರಿಗೆ 62.5 ಲಕ್ಷ, ಸರ್‌ಚಾರ್ಜ್ ಮತ್ತು ಸೆಸ್ ಬೇರೆ. 20 ಲಕ್ಷ ಲಾಭ ತೋರಿಸುವ ವ್ಯವಹಾರಕ್ಕೆ 62.5 ಲಕ್ಷ ತೆರಿಗೆ! ಇಂಡ್ ಎಎಸ್ ಕಂಪನಿಯಲ್ಲಿ ಈ ಆಘಾತ ಇರುವುದಿಲ್ಲ. ಅಲ್ಲಿ ಬೆಲೆ ಏರಿಸಿದ ದಿನವೇ ಮುಂದಿನ ತೆರಿಗೆಯನ್ನು ಅಂದಾಜಿಸಿ, ಆ ಹೆಚ್ಚುವರಿಯಿಂದಲೇ ಕಳೆದಿಟ್ಟಿರುತ್ತಾರೆ. ಎಎಸ್ ಕಂಪನಿಯಲ್ಲಿ ಹಾಗೆ ಕಳೆದಿಡುವ ಕ್ರಮವಿಲ್ಲ. ಆದ್ದರಿಂದ ಐದಾರು ವರ್ಷದೊಳಗೆ ಜಾಗ ಮಾರುವ ಯೋಚನೆ ಇದ್ದರೆ, ಬೆಲೆ ಏರಿಸುವ ಮೊದಲೇ ಈ ತೆರಿಗೆಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನಿರ್ದೇಶಕರ ಮುಂದೆ ಇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.