ಹಫ್‌ಮನ್ ಕೋಡ್ ‘ಅತ್ಯುತ್ತಮ’ ಎಂಬ ಮಾತಿನ ಹಿನ್ನೆಲೆ

ಹೆಚ್ಚು ಬಳಕೆಯ ಅಕ್ಷರಕ್ಕೆ ಚಿಕ್ಕ ಸಂಕೇತ ಕೊಡುವ ಉಪಾಯ ಮೋರ್ಸ್ ತಂತಿ ಸಂದೇಶದಷ್ಟು ಹಳೆಯದು. ಅದಕ್ಕೆ ಗಣಿತದ ಅಳತೆಗೋಲು ದೊರೆತದ್ದು 1948ರಲ್ಲಿ, ಕ್ಲಾಡ್ ಶಾನನ್ ‘ಎಂಟ್ರೊಪಿ’ಯನ್ನು ವಿವರಿಸಿದಾಗ. ಒಂದು ಚಿಹ್ನೆಗೆ ಸರಾಸರಿ ಎಷ್ಟು ಬಿಟ್‌ಗಳಿಗಿಂತ ಕಡಿಮೆ ಸಾಲದು ಎಂಬುದನ್ನು ಎಂಟ್ರೊಪಿ ಹೇಳುತ್ತದೆ. ಆದರೆ ಆ ಮಿತಿಯ ಹತ್ತಿರ ಹೋಗುವ ಕೋಡನ್ನು ಕಟ್ಟುವ ಬಗೆ ಯಾವುದು?

ಎಂಐಟಿಯ ರಾಬರ್ಟ್ ಫಾನೊ ಅವರ ವಿಧಾನ ಮೇಲಿನಿಂದ ಕೆಳಕ್ಕೆ ಸಾಗುತ್ತಿತ್ತು: ಚಿಹ್ನೆಗಳನ್ನು ಬಳಕೆಯ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಆದಷ್ಟು ಸಮತೂಕದ ಎರಡು ಗುಂಪುಗಳಾಗಿ ಒಡೆಯುತ್ತ ಹೋಗುವುದು. 1951ರಲ್ಲಿ ಅವರ ತರಗತಿಯಲ್ಲಿದ್ದ ಡೇವಿಡ್ ಹಫ್‌ಮನ್, ಪರೀಕ್ಷೆಗೆ ಬದಲಾಗಿ ಪ್ರಬಂಧ ಬರೆಯುವ ಅವಕಾಶವನ್ನು ಆರಿಸಿಕೊಂಡು, ಇದನ್ನೇ ತಿರುವುಮುರುವು ಮಾಡಿದರು. ಪ್ರಬಂಧ 1952ರಲ್ಲಿ ಪ್ರಕಟವಾಯಿತು.

ನೂರು ಅಕ್ಷರಗಳ ಒಂದು ಪಠ್ಯದಲ್ಲಿ ‘ಕ’ 40 ಬಾರಿ, ‘ಚ’, ‘ಟ’, ‘ತ’, ‘ಪ’ ತಲಾ 15 ಬಾರಿ ಬರುತ್ತವೆ ಎನ್ನೋಣ. ಫಾನೊ ವಿಧಾನ ಮೊದಲು 55 ಮತ್ತು 45ರ ಗುಂಪುಗಳನ್ನು ಮಾಡುತ್ತದೆ. ಕೊನೆಗೆ ಮೂರು ಅಕ್ಷರಗಳಿಗೆ ಎರಡೆರಡು ಬಿಟ್, ಉಳಿದೆರಡಕ್ಕೆ ಮೂರು ಮೂರು ಬಿಟ್ ಬೀಳುತ್ತದೆ. ಒಟ್ಟು 230 ಬಿಟ್, ಅಂದರೆ ಸರಾಸರಿ 2.3. ಹಫ್‌ಮನ್ ವಿಧಾನ ಪ್ರತಿ ಬಾರಿಯೂ ಅತಿ ಕಡಿಮೆ ತೂಕದ ಎರಡನ್ನು ಬೆಸೆಯುತ್ತದೆ: 15 ಮತ್ತು 15 ಸೇರಿ 30, ಇನ್ನೊಂದು ಜೋಡಿಯೂ 30, ಅವೆರಡೂ ಸೇರಿ 60, ಕೊನೆಗೆ ‘ಕ’ ಸೇರಿ 100. ‘ಕ’ಗೆ 0, ಉಳಿದವಕ್ಕೆ 100, 101, 110, 111 ದೊರೆಯುತ್ತವೆ. ಯಾವ ಸಂಕೇತವೂ ಇನ್ನೊಂದರ ಆರಂಭವಲ್ಲದ ಕಾರಣ ನಡುವೆ ವಿರಾಮಚಿಹ್ನೆ ಬೇಕಿಲ್ಲ. 40 ಮತ್ತು 180 ಕೂಡಿ 220 ಬಿಟ್, ಸರಾಸರಿ 2.2. (ಬೆಸುಗೆಯ ಮೊತ್ತಗಳಾದ 30, 30, 60, 100ನ್ನು ಕೂಡಿದರೂ ಇದೇ ಸಿಗುತ್ತದೆ, ಲೆಕ್ಕ ತಾಳೆ ನೋಡಲು ಇಷ್ಟು ಸಾಕು.) ಇಲ್ಲಿ ಎಂಟ್ರೊಪಿ ಸುಮಾರು 2.17.

ಮುಂದಾಲೋಚನೆಯಿಲ್ಲದ ಈ ಗ್ರೀಡಿ ಆಯ್ಕೆ ಎಡವದಿರಲು ಕಾರಣವಿದೆ. ಸಂಕೇತಗಳನ್ನು ಕವಲೊಡೆಯುವ ಮರದಂತೆ ಬರೆದರೆ, ಅತಿ ಅಪರೂಪದ ಎರಡು ಚಿಹ್ನೆಗಳು ಆ ಮರದ ಅತ್ಯಂತ ಆಳದಲ್ಲಿ ಅಕ್ಕಪಕ್ಕದಲ್ಲೇ ಇರುವ ಒಂದು ಅತ್ಯುತ್ತಮ ಕೋಡ್ ಯಾವಾಗಲೂ ಇರುತ್ತದೆ. ಆದ್ದರಿಂದ ಅವನ್ನು ಮೊದಲೇ ಬೆಸೆದರೆ ಕಳೆದುಕೊಳ್ಳುವುದೇನೂ ಇಲ್ಲ.

ಗೊಂದಲ ಹುಟ್ಟಿದ್ದು ಆಮೇಲೆ. ‘ಅತ್ಯುತ್ತಮ’ ಎಂಬ ಮಾತು ಉಳಿಯಿತು, ಅದರ ಷರತ್ತು ಮರೆಯಾಯಿತು: ಪ್ರತಿ ಚಿಹ್ನೆಗೂ ಪೂರ್ಣ ಸಂಖ್ಯೆಯ ಬಿಟ್ ಕೊಡಲೇಬೇಕಾದಾಗ ಮಾತ್ರ ಅದು ನಿಜ. ಎರಡೇ ಚಿಹ್ನೆಗಳಿದ್ದು ಒಂದರ ಪಾಲು 0.95 ಆದರೆ ಎಂಟ್ರೊಪಿ ಸುಮಾರು 0.29, ಹಫ್‌ಮನ್ ಕೋಡಿಗೆ ಮಾತ್ರ 1 ಬಿಟ್ ಬೇಕು. ಎರಡೆರಡನ್ನು ಜೋಡಿಸಿ ಕೋಡ್ ಮಾಡಿದರೆ ಚಿಹ್ನೆಗೆ ಸುಮಾರು 0.57ಕ್ಕೆ ಇಳಿಯುತ್ತದೆ, ಆದರೆ 256 ಚಿಹ್ನೆಗಳಿರುವಲ್ಲಿ ಜೋಡಿಗಳ ಪಟ್ಟಿ 65,536ಕ್ಕೆ ಏರುತ್ತದೆ.

1970ರ ದಶಕದಲ್ಲಿ ರೂಪುಗೊಂಡ ಅರಿತ್ಮೆಟಿಕ್ ಕೋಡಿಂಗ್ ಇಡೀ ಸಂದೇಶವನ್ನು ಒಂದೇ ಸಂಖ್ಯೆಯಾಗಿಸಿ ಈ ತೊಡಕನ್ನು ದಾಟಿತು. ಚಿತ್ರಗಳನ್ನು ಕುಗ್ಗಿಸುವ ಜೆಪೆಗ್ ಮಾನಕದಲ್ಲಿ ಅದಕ್ಕೂ ಜಾಗವಿತ್ತು. ಆದರೂ ಪೇಟೆಂಟುಗಳ ಅಂಜಿಕೆಯಿಂದ ಬಹುತೇಕ ತಂತ್ರಾಂಶಗಳು ಹಫ್‌ಮನ್ ಕೋಡನ್ನೇ ಅಳವಡಿಸಿಕೊಂಡವು. ಅದರ ದೀರ್ಘಾಯುಷ್ಯಕ್ಕೆ ಗಣಿತದ ಗುಣವಷ್ಟೇ ಕಾರಣವೆಂದು ಬರೆಯುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.