ಕಾರ್ಟ್‌ವರೆಗೆ ಬಂದವರು ಹಣ ಕಟ್ಟದೆ ಹಿಂದಿರುಗುವುದೇಕೆ?

ಓದುಗರ ಪ್ರಶ್ನೆ: ಗೋಣಿಕೊಪ್ಪದ ಬಳಿ ನಮಗೆ ಸಣ್ಣ ಕಾಫಿ ತೋಟವಿದೆ. ಕಾಫಿ ಪುಡಿ, ಕರಿಮೆಣಸು ಮತ್ತು ಜೇನನ್ನು ನಮ್ಮದೇ ಜಾಲತಾಣದಲ್ಲಿ ಮಾರುತ್ತೇವೆ. ಬೆಂಗಳೂರು, ಮೈಸೂರಿನವರಲ್ಲದೆ ಇಲ್ಲಿನ ಹೋಂಸ್ಟೇಗಳವರೂ ಕೊಳ್ಳುತ್ತಾರೆ. ಅನೇಕರು ವಸ್ತುಗಳನ್ನು ಕಾರ್ಟ್‌ಗೆ ಹಾಕಿ, ಚೆಕ್‌ಔಟ್ ಪುಟದವರೆಗೂ ಬಂದು, ಹಣ ಪಾವತಿಸದೆ ಹೊರಟುಹೋಗುತ್ತಾರೆ. ದೋಷ ಎಲ್ಲಿದೆ ಎಂಬುದನ್ನು ನಾವೇ ಪರಿಶೀಲಿಸಿಕೊಳ್ಳುವುದು ಹೇಗೆ?

ಉತ್ತರ: ಕಾರ್ಟ್ ತುಂಬಿಸಿದವರೆಲ್ಲರೂ ಕೊಳ್ಳಲೆಂದೇ ಬಂದವರಲ್ಲ. ಅಂಚೆ ವೆಚ್ಚ ಸೇರಿ ಒಟ್ಟು ಎಷ್ಟಾಗುತ್ತದೆ ಎಂದು ತಿಳಿಯುವುದಕ್ಕಾಗಿಯೇ ಅಲ್ಲಿಯವರೆಗೆ ಬರುವವರು ಬಹಳ ಜನರಿದ್ದಾರೆ. ಜಗತ್ತಿನ ಆನ್‌ಲೈನ್ ಅಂಗಡಿಗಳಲ್ಲಿ ಸರಾಸರಿ ನೂರಕ್ಕೆ ಸುಮಾರು ಎಪ್ಪತ್ತು ಕಾರ್ಟ್‌ಗಳು ಹೀಗೆಯೇ ಉಳಿದುಹೋಗುತ್ತವೆ. ಆದ್ದರಿಂದ ಆ ಒಟ್ಟು ಸಂಖ್ಯೆಯನ್ನು ನೋಡಿ ಗಾಬರಿಯಾಗಬೇಕಿಲ್ಲ. ವಿಳಾಸ ತುಂಬಲು ತೊಡಗಿ ನಡುವೆ ನಿಲ್ಲಿಸಿದವರು ಮತ್ತು ಪಾವತಿಯ ಗುಂಡಿ ಒತ್ತಿದ ಮೇಲೆ ಮಾಯವಾದವರು ಎಷ್ಟು ಎಂಬುದು ಮುಖ್ಯ. ಎರಡನೆಯ ಲೆಕ್ಕ ನಿಮ್ಮ ಪೇಮೆಂಟ್ ಗೇಟ್‌ವೇಯ ಡ್ಯಾಶ್‌ಬೋರ್ಡ್‌ನಲ್ಲಿಯೇ ಸಿಗುತ್ತದೆ; ಆರಂಭವಾದ ಪಾವತಿಗಳೆಷ್ಟು, ಪೂರ್ಣಗೊಂಡವು ಎಷ್ಟು ಎಂಬುದನ್ನು ಒಂದು ತಿಂಗಳಿಗೆ ತೆಗೆದು ನೋಡಿ.

ಪರಿಶೀಲನೆಯನ್ನು ಕಚೇರಿಯ ಕಂಪ್ಯೂಟರಿನಲ್ಲಿ ಮಾಡಬೇಡಿ. ಸಾಧಾರಣ ಬೆಲೆಯ ಒಂದು ಫೋನಿನಲ್ಲಿ, ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ, ನಿಮ್ಮ ತಾಣವನ್ನು ಎಂದೂ ತೆರೆದಿರದ ಒಬ್ಬರ ಕೈಯಲ್ಲಿ ಅರ್ಧ ಕಿಲೋ ಕಾಫಿ ಪುಡಿಯನ್ನು ನಿಜವಾಗಿಯೂ ಕೊಳ್ಳಿಸಿ. ಅವರು ಎಲ್ಲಿ ತಡೆಯುತ್ತಾರೆ, ಎಲ್ಲಿ ಹಿಂದಿನ ಪುಟಕ್ಕೆ ಹೋಗುತ್ತಾರೆ ಎಂಬುದನ್ನು ಮಾತನಾಡದೆ ಗಮನಿಸಿ. ಗೇಟ್‌ವೇಯ ಪರೀಕ್ಷಾ ವಿಧಾನದಲ್ಲಿ ಇದನ್ನು ಮಾಡಿದರೆ ಸಾಲದು. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಅರ್ಜಿಯ ಉದ್ದವನ್ನು ನೋಡೋಣ. ನಿಮ್ಮಂಥ ಅಂಗಡಿಗಳ ಚೆಕ್‌ಔಟ್ ಪುಟ ಸಾಮಾನ್ಯವಾಗಿ ಸಿದ್ಧ ತಂತ್ರಾಂಶದೊಡನೆ ಬಂದ ಹಾಗೆಯೇ ಉಳಿದಿರುತ್ತದೆ. ಮೊದಲ ಹೆಸರು, ಕೊನೆಯ ಹೆಸರು, ಕಂಪನಿ, ದೇಶ, ಮನೆ ಸಂಖ್ಯೆ, ರಸ್ತೆ, ಬಡಾವಣೆ, ಪಟ್ಟಣ, ಜಿಲ್ಲೆ, ರಾಜ್ಯ, ಪಿನ್‌ಕೋಡ್, ಫೋನ್, ಇಮೇಲ್, ಪಾಸ್‌ವರ್ಡ್, ಅದೇ ಪಾಸ್‌ವರ್ಡ್ ಮತ್ತೊಮ್ಮೆ, ಬಿಲ್ಲಿಂಗ್ ವಿಳಾಸ ಬೇರೆಯೇ, ಕೂಪನ್, ಟಿಪ್ಪಣಿ. ಕಾಫಿ ಪುಡಿ ಮಾರುವವರಲ್ಲಿ ಇದರ ಜೊತೆಗೆ ಚಿಕೋರಿ ಎಷ್ಟಿರಬೇಕು, ಫಿಲ್ಟರಿಗೆ ಬೇಕಾದ ಪುಡಿಯೋ ಅಥವಾ ಇನ್ನೂ ನಯವಾದದ್ದೋ ಎಂಬ ಪ್ರಶ್ನೆಗಳೂ ಇಲ್ಲಿಗೇ ಬಂದಿರುವುದುಂಟು. ಅವು ವಸ್ತುವಿನ ಪುಟದಲ್ಲಿ, ಕಾರ್ಟ್‌ಗೆ ಹಾಕುವ ಮೊದಲೇ ಮುಗಿಯಬೇಕಾದ ಮಾತುಗಳು.

ಪ್ರತಿಯೊಂದು ಖಾನೆಯ ಮುಂದೆಯೂ ಒಂದೇ ಪ್ರಶ್ನೆ ಕೇಳಿ: ಇದು ಖಾಲಿ ಇದ್ದರೆ ಪೊಟ್ಟಣ ತಲುಪುವುದಿಲ್ಲವೇ? ತಲುಪುತ್ತದೆ ಎಂದಾದರೆ ಆ ಖಾನೆಯನ್ನು ತೆಗೆದುಬಿಡಿ. ಪೂರ್ಣ ಹೆಸರು, ಮೊಬೈಲ್, ಪಿನ್‌ಕೋಡ್, ವಿಳಾಸ, ಊರು ಅಥವಾ ಅಂಚೆ, ಇಷ್ಟು ಅವಶ್ಯ; ರಸೀದಿಗಾಗಿ ಇಮೇಲ್ ಐಚ್ಛಿಕವಾಗಿರಲಿ. ಪಿನ್‌ಕೋಡ್‌ನಿಂದ ಜಿಲ್ಲೆ ಮತ್ತು ರಾಜ್ಯವನ್ನು ತಾನಾಗಿ ತುಂಬಿಸಬಹುದು. ಆದರೆ ಊರನ್ನು ಹಾಗೆ ತುಂಬಿಸಿ ಬೀಗ ಹಾಕಬಾರದು, ಏಕೆಂದರೆ ಒಂದೇ ಪಿನ್‌ಕೋಡ್‌ನಡಿ ಹಲವು ಗ್ರಾಮಗಳ ಶಾಖಾ ಅಂಚೆ ಕಚೇರಿಗಳಿರುತ್ತವೆ. ಮನೆ ಸಂಖ್ಯೆ ಮತ್ತು ರಸ್ತೆಯನ್ನು ಕಡ್ಡಾಯ ಮಾಡುವುದು ಕೊಡಗಿನಲ್ಲಂತೂ ಹೊಂದುವುದೇ ಇಲ್ಲ. ಇಲ್ಲಿನ ವಿಳಾಸ ಮನೆತನದ ಹೆಸರು, ತೋಟದ ಹೆಸರು, ಗ್ರಾಮ, ಅಂಚೆ ಎಂಬ ಕ್ರಮದಲ್ಲಿರುತ್ತದೆ. ರಸ್ತೆಯ ಹೆಸರೇ ಇಲ್ಲದವರು ಆ ಖಾನೆಯಲ್ಲಿ ಒಂದು ಚುಕ್ಕೆಯನ್ನೋ ಸೊನ್ನೆಯನ್ನೋ ಒತ್ತಿ ಮುಂದೆ ಹೋಗುತ್ತಾರೆ. ಹಳೆಯ ಆರ್ಡರ್‌ಗಳನ್ನು ತೆರೆದು ನೋಡಿ. ಇಂಥ ಚುಕ್ಕೆಗಳು ಯಾವ ಖಾನೆಯಲ್ಲಿ ಹೆಚ್ಚಾಗಿವೆಯೋ ಆ ಖಾನೆ ಬೇಡವಾದದ್ದು.

ಖಾತೆ ತೆರೆಯದೆ ಕೊಳ್ಳಲು ಅವಕಾಶವಿರಲೇಬೇಕು. ಓಟಿಪಿ ಬರದೆ ಮೊದಲ ಪುಟದಲ್ಲಿಯೇ ಕಾಯುತ್ತ ಕುಳಿತ ಗ್ರಾಹಕ ಮಳೆಗಾಲದ ನೆಟ್‌ವರ್ಕ್‌ನಲ್ಲಿ ಎಷ್ಟು ಹೊತ್ತು ಕಾಯಬಲ್ಲ ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ.

ಖಾನೆಗಳ ಸಂಖ್ಯೆಗಿಂತಲೂ ಹೆಚ್ಚಾಗಿ ಕಾಡುವುದು ಸರಿಯಾಗಿ ತುಂಬಿದ್ದನ್ನೇ ತಪ್ಪೆನ್ನುವ ಖಾನೆ. ಫೋನು ತಾನಾಗಿ ತುಂಬುವ ಮೊಬೈಲ್ ಸಂಖ್ಯೆಯ ಮುಂದೆ ಅನೇಕ ವೇಳೆ +91 ಇರುತ್ತದೆ. ಖಾನೆಗೆ ಹತ್ತೇ ಅಂಕಿಗಳ ಮಿತಿ ಹಾಕಿದ್ದರೆ ಒಂದೋ ಕೆಂಪು ಅಕ್ಷರದಲ್ಲಿ ದೋಷ ತೋರಿಸುತ್ತದೆ, ಇಲ್ಲವೇ ಸಂಖ್ಯೆಯ ಬಾಲ ಕತ್ತರಿಸಿಹೋಗಿ ಕೊರಿಯರ್‌ನವರು ಕರೆ ಮಾಡಿದಾಗ ಯಾರಿಗೂ ತಲುಪುವುದಿಲ್ಲ. ಹೆಸರಿನ ಖಾನೆ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಒಪ್ಪುವುದೂ ಇದೇ ಜಾತಿಯ ದೋಷ. ಕೊರಿಯರ್ ಚೀಟಿಗೆ ಇಂಗ್ಲಿಷ್ ಬೇಕೇಬೇಕಾದರೆ ಅದನ್ನು ಖಾನೆಯ ಮೇಲೆ ಮೊದಲೇ ಹೇಳಿ. ಎಲ್ಲ ತುಂಬಿಯಾದ ಮೇಲೆ ಗದರಿಸಬೇಡಿ. ತಾಣವನ್ನು ಮಾಡಿಕೊಟ್ಟವರಿಗೆ ಈ ಎರಡು ಸಾಲುಗಳನ್ನು ತೋರಿಸಿದರೆ ಅರ್ಥವಾಗುತ್ತದೆ:

```html
<input name="mobile" type="tel" autocomplete="tel-national">
<input name="pincode" inputmode="numeric" autocomplete="postal-code" maxlength="6">
```

ಮೊದಲನೆಯದು ದೇಶದ ಸಂಕೇತವಿಲ್ಲದ ಸಂಖ್ಯೆಯನ್ನು ತುಂಬುವಂತೆ ಫೋನಿಗೆ ಹೇಳುತ್ತದೆ ಮತ್ತು ಅದಕ್ಕೆ ಅಂಕಿಗಳ ಮಿತಿ ಹಾಕಿಲ್ಲ. ಎರಡನೆಯದು ಅಂಕಿಗಳ ಕೀಲಿಮಣೆಯನ್ನೇ ತೆರೆಯುತ್ತದೆ. ಹಾಗಿದ್ದೂ +91 ಅಥವಾ ಸೊನ್ನೆ ಬಂದರೆ ಅದನ್ನು ಕಳೆದು ಕೊನೆಯ ಹತ್ತು ಅಂಕಿಗಳನ್ನು ಉಳಿಸಿಕೊಳ್ಳುವ ಕೆಲಸ ನಿಮ್ಮ ತಂತ್ರಾಂಶದ್ದು, ಗ್ರಾಹಕರದ್ದಲ್ಲ.

ಇನ್ನು ನಂಬಿಕೆಯ ವಿಷಯ. ‘ನೂರಕ್ಕೆ ನೂರು ಸುರಕ್ಷಿತ’ ಎಂದು ಬರೆದ ಹಸಿರು ಬೀಗದ ಚಿತ್ರಗಳಿಂದ ನನಗಂತೂ ಯಾವ ನಂಬಿಕೆಯೂ ಹುಟ್ಟುವುದಿಲ್ಲ. ಅಂಥ ಚಿತ್ರವನ್ನು ಮೋಸಗಾರನೂ ಅಂಟಿಸಬಲ್ಲ. ಹೊಸ ಗ್ರಾಹಕರು ಹುಡುಕುವುದು, ತೊಂದರೆಯಾದರೆ ಯಾರನ್ನು ಹಿಡಿಯಬೇಕು ಎಂಬುದನ್ನು. ವ್ಯಾಪಾರದ ನೋಂದಾಯಿತ ಹೆಸರು, ಅಂಚೆ ವಿಳಾಸ, ಗ್ರಾಹಕ ಸೇವೆಯ ಮತ್ತು ಕುಂದುಕೊರತೆ ಅಧಿಕಾರಿಯ ಸಂಪರ್ಕ, ಇವನ್ನು ತಾಣದಲ್ಲಿ ತೋರಿಸಬೇಕೆಂದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳೇ ಹೇಳುತ್ತವೆ. ಆಹಾರ ಪದಾರ್ಥವಾದ್ದರಿಂದ ಹದಿನಾಲ್ಕು ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಇರಲಿ. ಇವೆಲ್ಲ ‘ನಮ್ಮ ಬಗ್ಗೆ’ ಪುಟದ ತಳದಲ್ಲಿ ಅಡಗಿದ್ದರೆ ಪ್ರಯೋಜನವಿಲ್ಲ. ಪಾವತಿಯ ಗುಂಡಿಯ ಕೆಳಗೆ ಎರಡು ಸಾಲಿನಲ್ಲಿ ಇದ್ದರೆ ಸಾಕು. ಕೊಡಗು ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, ನಿಜ. ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಮುದ್ರೆಯನ್ನು ಅಂಟಿಸಿಕೊಳ್ಳುವುದು ಸಲ್ಲದು.

ನಂಬಿಕೆ ಕೆಡುವ ಇನ್ನೊಂದು ಜಾಗ ಮೊತ್ತ. ಕಾಫಿ ಪುಡಿಗೆ 400 ರೂಪಾಯಿ, ಮೆಣಸಿಗೆ 260 ರೂಪಾಯಿ ಎಂದು ನೋಡಿದವರ ಮನಸ್ಸಿನಲ್ಲಿ 660 ಕುಳಿತಿರುತ್ತದೆ. ಕೊನೆಯ ಪುಟದಲ್ಲಿ ಸಾಗಣೆಗೆ 80 ಸೇರಿ 740 ಆದಾಗ, ಎಂಬತ್ತು ರೂಪಾಯಿಯ ಹೊರೆಗಿಂತ ಅದನ್ನು ಮುಚ್ಚಿಟ್ಟಿದ್ದರು ಎಂಬ ಭಾವನೆಯೇ ಹೆಚ್ಚು ಚುಚ್ಚುತ್ತದೆ. ಕಾರ್ಟ್ ಪುಟದಲ್ಲಿಯೇ ಪಿನ್‌ಕೋಡ್ ಕೇಳಿ, ಸಾಗಣೆ ವೆಚ್ಚವನ್ನೂ ತಲುಪುವ ದಿನವನ್ನೂ ತಿಳಿಸಿ. ಹೀಗೆ ಹಂತಹಂತವಾಗಿ ಬೆಲೆ ಏರಿಸುವುದನ್ನು ಗ್ರಾಹಕರನ್ನು ದಾರಿತಪ್ಪಿಸುವ ತಂತ್ರಗಳ ಕುರಿತಾದ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗಳು ನಿಷಿದ್ಧ ಪಟ್ಟಿಗೆ ಸೇರಿಸಿವೆ ಎಂಬುದೂ ನೆನಪಿರಲಿ.

ಪಾವತಿಯ ಹಂತದಲ್ಲಿ ಸೂಕ್ಷ್ಮಗಳು ಹೆಚ್ಚು. ಮೊದಲನೆಯದು ಗುಂಡಿಯ ಮೇಲಿನ ಬರಹ. ಮೂರು ಪುಟಗಳಲ್ಲಿಯೂ ‘ಮುಂದುವರಿಯಿರಿ’ ಎಂದೇ ಇದ್ದರೆ ಯಾವ ಒತ್ತಿಗೆ ಹಣ ಹೋಗುತ್ತದೆ ಎಂದು ತಿಳಿಯದೆ ಗ್ರಾಹಕರು ಹಿಂಜರಿಯುತ್ತಾರೆ. ವಿಳಾಸದ ಪುಟದಲ್ಲಿ ‘ಪಾವತಿ ವಿಧಾನ ಆರಿಸಿ’ ಎಂದೂ ಕೊನೆಯದರಲ್ಲಿ ‘₹740 ಪಾವತಿಸಿ’ ಎಂದೂ ಬರೆದರೆ ಗೊಂದಲ ತೀರುತ್ತದೆ.

ಎರಡನೆಯದು ಯುಪಿಐ. ಗ್ರಾಹಕರು ಫೋನಿನಲ್ಲಿ ಕೊಳ್ಳುತ್ತಿರುವಾಗ ಅದೇ ಪರದೆಯ ಮೇಲೆ ಕ್ಯೂಆರ್ ಚಿತ್ರವನ್ನು ತೋರಿಸಿದರೆ ಅವರು ಅದನ್ನು ಸ್ಕ್ಯಾನ್ ಮಾಡುವುದು ಯಾವುದರಿಂದ? ಫೋನಿನಲ್ಲಿ ನೇರವಾಗಿ ಯುಪಿಐ ಆ್ಯಪ್ ತೆರೆದುಕೊಳ್ಳುವ ಗುಂಡಿ ಇರಬೇಕು; ಕ್ಯೂಆರ್ ಕಂಪ್ಯೂಟರಿನಲ್ಲಿ ನೋಡುವವರಿಗೆ ಮಾತ್ರ. ಇನ್‌ಸ್ಟಾಗ್ರಾಂನ ಕೊಂಡಿಯಿಂದ ಬಂದವರ ವಿಷಯ ಬೇರೆಯೇ. ಆ ಆ್ಯಪ್‌ನ ಒಳಗಿನ ಬ್ರೌಸರಿನಿಂದ ಯುಪಿಐ ಆ್ಯಪ್ ಕೆಲವೊಮ್ಮೆ ತೆರೆಯುವುದೇ ಇಲ್ಲ, ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ನೀವು ಅಲ್ಲಿ ಜಾಹೀರಾತು ಕೊಡುತ್ತಿದ್ದರೆ ಪರೀಕ್ಷೆಯ ಒಂದು ಖರೀದಿಯನ್ನು ಆ ಕೊಂಡಿಯಿಂದಲೇ ಮಾಡಿ ನೋಡಲೇಬೇಕು.

ಮೂರನೆಯದು, ಬಹುತೇಕ ಮಾರಾಟಗಾರರು ಎಂದೂ ನೋಡಿರದ ಒಂದು ಪರದೆ. ಆ್ಯಪ್ ತೆರೆದು, ಪಿನ್ ಒತ್ತುವ ಮೊದಲು, ಹಣ ಯಾರಿಗೆ ಹೋಗುತ್ತಿದೆ ಎಂಬ ಹೆಸರು ಅಲ್ಲಿ ಕಾಣುತ್ತದೆ. ತಾಣದ ತುಂಬ ತೋಟದ ಹೆಸರಿದ್ದು, ಗೇಟ್‌ವೇಯಲ್ಲಿ ನೋಂದಾಯಿಸುವಾಗ ಮನೆಯ ಹಿರಿಯರ ಹೆಸರನ್ನೋ ಬೇರೊಂದು ಉದ್ದಿಮೆಯ ಹೆಸರನ್ನೋ ಕೊಟ್ಟಿದ್ದರೆ ಗ್ರಾಹಕರಿಗೆ ಅಲ್ಲಿ ಅಪರಿಚಿತ ಹೆಸರು ಎದುರಾಗುತ್ತದೆ. ಹಣ ಕಳುಹಿಸುವ ಮೊದಲು ಹೆಸರು ನೋಡಿ ಎಂದು ಬ್ಯಾಂಕುಗಳು ಎಲ್ಲರಿಗೂ ಹೇಳಿಕೊಟ್ಟಿವೆ. ಆ ಮಾತನ್ನು ಪಾಲಿಸುವ ಎಚ್ಚರದ ಗ್ರಾಹಕರೇ ಇಲ್ಲಿ ಹಿಂದಿರುಗುತ್ತಾರೆ. ಪರೀಕ್ಷಾ ವಿಧಾನದಲ್ಲಿ ಈ ಪರದೆ ಬರುವುದಿಲ್ಲವಾದ್ದರಿಂದಲೇ ನಿಜವಾದ ಹಣ ಕಟ್ಟಿ ನೋಡಿ ಎಂದೆ. ಪ್ರದರ್ಶನದ ಹೆಸರನ್ನು ಬದಲಿಸಲು ಗೇಟ್‌ವೇಯವರಿಗೆ ಬರೆಯಬಹುದು. ಅದು ಆಗುವವರೆಗೆ ಪಾವತಿಯ ಗುಂಡಿಯ ಮೇಲೆ ‘ನಿಮ್ಮ ಯುಪಿಐ ಆ್ಯಪ್‌ನಲ್ಲಿ ಈ ಹೆಸರು ಕಾಣಿಸುತ್ತದೆ’ ಎಂದು ಆ ಹೆಸರನ್ನು ಇದ್ದಂತೆಯೇ ಬರೆಯಿರಿ.

ಆ್ಯಪ್‌ನಿಂದ ಹಿಂದಿರುಗಿ ಬರುವ ಕ್ಷಣವನ್ನೂ ಪರೀಕ್ಷಿಸಿ. ಕಡಿಮೆ ಮೆಮೊರಿಯ ಫೋನುಗಳಲ್ಲಿ ಬ್ರೌಸರ್ ಪುಟವನ್ನು ಮೊದಲಿನಿಂದ ತೆರೆಯುತ್ತದೆ. ಆಗ ತುಂಬಿದ ವಿಳಾಸವೂ ಆರ್ಡರಿನ ಗುರುತೂ ಅಳಿಸಿಹೋದರೆ, ಹಣ ಕಡಿತವಾದ ಗ್ರಾಹಕರ ಎದುರಿಗೆ ಖಾಲಿ ಕಾರ್ಟ್ ನಿಂತಿರುತ್ತದೆ. ಆದ್ದರಿಂದ ಪಾವತಿಗೆ ಕಳುಹಿಸುವ ಮೊದಲೇ ಆರ್ಡರ್ ‘ಪಾವತಿ ಬಾಕಿ’ ಎಂದು ದಾಖಲಾಗಬೇಕು, ಮತ್ತು ಹಣ ಬಂದ ಸುದ್ದಿ ಗ್ರಾಹಕರ ಬ್ರೌಸರಿನ ಮೂಲಕವಲ್ಲದೆ ಗೇಟ್‌ವೇಯಿಂದ ನೇರವಾಗಿ ನಿಮ್ಮ ಸರ್ವರಿಗೆ ವೆಬ್‌ಹುಕ್ ಮೂಲಕ ಬರಬೇಕು. ಗೇಟ್‌ವೇಯಲ್ಲಿ ಹಣ ಜಮೆಯಾಗಿದ್ದು ನಿಮ್ಮ ತಾಣದಲ್ಲಿ ಆರ್ಡರ್ ಬಾಕಿ ಎಂದೇ ಉಳಿದಿರುವ ಒಂದೇ ಒಂದು ಉದಾಹರಣೆ ಸಿಕ್ಕರೂ ವೆಬ್‌ಹುಕ್ ಸರಿಯಾಗಿಲ್ಲವೆಂದು ತಿಳಿಯಿರಿ.

ಪಾವತಿ ವಿಫಲವಾದಾಗ ಬರುವ ಪುಟದಲ್ಲಿ ಆರ್ಡರ್ ಸಂಖ್ಯೆ, ಮತ್ತೆ ಪ್ರಯತ್ನಿಸುವ ಗುಂಡಿ, ಕಡಿತವಾದ ಹಣದ ಗತಿ, ಈ ಮೂರೂ ಇರಲಿ. ಖಾತೆಯಿಂದ ಹಣ ಹೋಗಿ ವರ್ತಕರಿಗೆ ದೃಢೀಕರಣ ಬರದಿದ್ದರೆ, ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಅದು ತಾನಾಗಿ ಹಿಂದಿರುಗಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳುತ್ತದೆ; ತಡವಾದರೆ ದಿನಕ್ಕೆ 100 ರೂಪಾಯಿಯ ಪರಿಹಾರವುಂಟು. ಈ ಮಾತನ್ನು ಆ ಪುಟದಲ್ಲಿಯೇ ಸರಳವಾಗಿ ಬರೆದಿಟ್ಟರೆ ರಾತ್ರಿ ಬರುವ ಗಾಬರಿಯ ಕರೆಗಳು ಕಡಿಮೆಯಾಗುತ್ತವೆ.

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಯಾವುದರಿಂದ ಗುಣವಾಯಿತು ಎಂದು ಆಮೇಲೆ ತಿಳಿಯುವುದಿಲ್ಲ. ತಿಂಗಳಿಗೆ ನಲವತ್ತೋ ಐವತ್ತೋ ಆರ್ಡರ್ ಬರುವ ಅಂಗಡಿಯಲ್ಲಿ ಎರಡು ಬಗೆಯ ಪುಟಗಳನ್ನಿಟ್ಟು ಹೋಲಿಸುವ ಪ್ರಯೋಗಕ್ಕೂ ಅರ್ಥವಿಲ್ಲ, ಅಷ್ಟು ಸಣ್ಣ ಸಂಖ್ಯೆಯಲ್ಲಿ ಏರಿಳಿತ ಸಹಜ. ಗೇಟ್‌ವೇಯಲ್ಲಿ ಆರಂಭವಾದ ಪಾವತಿಗಳು ಪೂರ್ಣಗೊಳ್ಳದೆ ಉಳಿಯುತ್ತಿದ್ದರೆ ಹೆಸರು, ಆ್ಯಪ್ ಮತ್ತು ವೆಬ್‌ಹುಕ್‌ಗಳಿಂದ ತೊಡಗಿ. ಪಾವತಿ ಆರಂಭವೇ ಆಗುತ್ತಿಲ್ಲವಾದರೆ ಮೊದಲು ಸಾಗಣೆ ವೆಚ್ಚವನ್ನು ಕಾರ್ಟ್ ಪುಟಕ್ಕೆ ತಂದು, ಅನಂತರ ಖಾನೆಗಳಿಗೆ ಕತ್ತರಿ ಹಾಕಿ.